ಪದಚರ್ಚೆ: ಏಜೆಂಟರ ಕಮಿಷನ್ ಚೀಟಿಗೆ ‘ಟಿಡಿಎಸ್’, ‘ರಿವರ್ಸ್ ಚಾರ್ಜ್’ ಕನ್ನಡದಲ್ಲಿ ಏನಂತ ಹಾಕೋದು? (ನಾಳೆ ಪ್ರಿಂಟ್)

ವಿಮಾ ಏಜೆಂಟ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಮ್ ಜೊತೆ ಕೆಲಸ ಮಾಡೋ ಏಜೆಂಟ್‌ಗಳಿಗೆ ಒಂದು ಪುಟದ ಕೈಚೀಟಿ ಮಾಡ್ತಿದೀವಿ, ಕಮಿಷನ್ ಪಟ್ಟಿ ಓದೋದು ಹೆಂಗೆ ಅಂತ. ಜಗಳೂರು, ಹೊನ್ನಾಳಿ, ಹರಿಹರ ಕಡೆಯೋರೇ ಜಾಸ್ತಿ, ಇಂಗ್ಲಿಷ್ ಪಟ್ಟಿ ನೋಡಿ ಸುಮ್ನೆ ಮಡಚಿ ಇಟ್ಟುಬಿಡ್ತಾರೆ. ಮಂಡಿಪೇಟೆ ಪ್ರೆಸ್ಸಿನವರು ನಾಳೆ ಮಧ್ಯಾಹ್ನದೊಳಗೆ ಮ್ಯಾಟರ್ ಕೊಡಿ ಅಂದಿದಾರೆ.

ಎರಡೇ ಪದಕ್ಕೆ ಸಿಕ್ಕಾಕ್ಕೊಂಡಿದೀನಿ. ಟಿಡಿಎಸ್‌ಗೆ ‘ಮೂಲದಲ್ಲಿ ತೆರಿಗೆ ಕಡಿತ’ ಅಂತ, ಜಿಎಸ್‌ಟಿಯ ರಿವರ್ಸ್ ಚಾರ್ಜ್‌ಗೆ ‘ಹಿಮ್ಮುಖ ಶುಲ್ಕ’ ಅಂತ ಹಾಕಿದ್ದೆ. ಜಗಳೂರಿನ ಅಕ್ಕ ಒಬ್ರಿಗೆ ಓದೋಕೆ ಕೊಟ್ರೆ ಅವರು ಕೇಳಿದ್ದು ಏನು ಗೊತ್ತಾ, ಮೂಲದಲ್ಲಿ ಕಡಿತ ಅಂದ್ರೆ ನಮ್ಮ ಕಮಿಷನ್ ದರಾನೇ ಇಳಿಸಿದ್ರಾ, ಹಿಮ್ಮುಖ ಅಂದ್ರೆ ಕಟ್ಟಿದ್ದು ವಾಪಸ್ ಬರುತ್ತಾ ಅಂತ. ಎರಡೂ ತಿರುಗುಮುರುಗು. ವಾಪಸ್ ಬರಬಹುದಾದ ದುಡ್ಡನ್ನ ಹೋಯ್ತು ಅಂದ್ಕೊಂಡ್ರು, ಅವರಿಗೆ ಸಂಬಂಧಾನೇ ಇಲ್ಲದ ದುಡ್ಡನ್ನ ಬರುತ್ತೆ ಅಂದ್ಕೊಂಡ್ರು. ಹಂಗಾಗಬಾರದು. ದಯವಿಟ್ಟು ಹೇಳ್ರಿ.

ನಿವೃತ್ತ ಕನ್ನಡ ಮೇಷ್ಟ್ರು, ಚಿತ್ರದುರ್ಗ:

ಆ ಅಕ್ಕ ಹೇಳಿದ್ದೇ ಸರಿ, ನಿಮ್ಮ ಅನುವಾದ ತಪ್ಪು. ‘ಮೂಲದಲ್ಲಿ ಕಡಿತ’ ಕನ್ನಡವೇ ಅಲ್ಲ, ಇಂಗ್ಲಿಷಿಗೆ ಪಂಚೆ ಉಡಿಸಿದ್ದು. ಯಾವುದರ ಮೂಲ? ಯಾರು ಕಡಿಯೋರು? ಕರ್ತೃ ಇಲ್ಲ, ಕರ್ಮ ಇಲ್ಲ.

ನಮ್ಮಲ್ಲಿ ಇದಕ್ಕೆ ಪದಕ್ಕೆ ಬರ ಇಲ್ಲ. ‘ಸುಂಕ’ ಅನ್ನೋದು ಶಾಸನಗಳ ಕಾಲದಿಂದ ಇರೋದು, ಪೆರ್ಜುಂಕ, ಹೆಜ್ಜುಂಕ, ವಡ್ಡರಾವುಳ ಇವೆಲ್ಲ ಎಷ್ಟು ಶಾಸನದಲ್ಲಿ ಬಂದಿಲ್ಲ. ‘ತೆರಿಗೆ’ ಅಂತೂ ‘ತೆರು’ ಧಾತುವಿಂದ ಬಂದ ಅಚ್ಚಗನ್ನಡ. ತೆರೋನು ಯಾರು ಅನ್ನೋದು ಆ ಕ್ರಿಯಾಪದದಲ್ಲೇ ಐತೆ. ಹಿಡಿಯೋದಕ್ಕೆ ‘ಮುರಿದುಕೊಳ್ಳು’ ಅಂತ ಜನರ ಬಾಯಲ್ಲೇ ಐತೆ. ‘ಮುರಿತೆರಿಗೆ’ ಅನ್ನಿ, ಮುಗೀತು. ಕಮಿಷನ್ ಅನ್ನೋದನ್ನೂ ತೆಗೀರಿ, ‘ದಳ್ಳಾಳಿ’ ಅನ್ನಿ.

ಡಿಟಿಪಿ ಕೆಲಸದವನು, ದಾವಣಗೆರೆ:

ಮೇಷ್ಟ್ರೇ, ದಳ್ಳಾಳಿ ಅರಬ್ಬಿಯ ‘ದಲ್ಲಾಲ್’. ವಿಮೆ ಫಾರಸಿಯ ‘ಬೀಮಾ’. ಸುಂಕ ಸಂಸ್ಕೃತದ ‘ಶುಲ್ಕ’ದ ತದ್ಭವ, ನೀವು ಶುಲ್ಕ ಬೇಡ ಅಂತ ಹೇಳಿ ಅದರ ಮಗನ್ನೇ ಕರೀತಿದೀರಿ. ಅಷ್ಟೆಲ್ಲ ಒಳಗೆ ಬಿಟ್ಟುಕೊಂಡ ಮೇಲೆ ಕಮಿಷನ್ ಒಂದನ್ನ ಬಾಗಿಲಲ್ಲಿ ನಿಲ್ಸೋದು ಯಾವ ನ್ಯಾಯ. ಆಮೇಲೆ ಏಜೆಂಟ್ ಕೆಲಸ ಮಾಡೋ ಹೆಣ್ಮಕ್ಕಳ ಕೈಗೆ ‘ನಿಮ್ಮ ದಳ್ಳಾಳಿ’ ಅಂತ ಚೀಟಿ ಕೊಟ್ರೆ ಅವರು ಮುಖದ ಮೇಲೆ ಎಸೀತಾರೆ.

ವಿಮಾ ಏಜೆಂಟ್, ಹರಿಹರ:

ಅಕ್ಕಾರೆ ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ, ಟಿಡಿಎಸ್ ಅಂದ್ರೆ ಶೇ. 5 ಕಟ್ ಅಂತ ಎಲ್ಲರಿಗೂ ಗೊತ್ತೈತಿ. ಜಿಎಸ್‌ಟಿ ಸಾಲನ್ನ ತೆಗೆದೇ ಬಿಡ್ರಿ, ನಾವೆಲ್ಲ ವರ್ಷಕ್ಕೆ 20 ಲಕ್ಷದ ಒಳಗಿನೋರು, ನಮಗೆ ಬರೋದೇ ಇಲ್ಲ ಅದು.

ತೆರಿಗೆ ಲೆಕ್ಕ ನೋಡೋಳು, ಪಿ.ಜೆ. ಬಡಾವಣೆ, ದಾವಣಗೆರೆ:

ಹರಿಹರದ ಅಣ್ಣಾರೆ, ಶೇ. 5 ಹಳೇದು. 2025ರ ಏಪ್ರಿಲ್ 1ರಿಂದ ವ್ಯಕ್ತಿ ಹೆಸರಲ್ಲಿರೋ ಏಜೆಂಟ್‌ಗೆ ಶೇ. 2 ಮಾತ್ರ, ಅದೂ ಒಂದು ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿ ದಾಟಿದ್ರೆ. ಪ್ಯಾನ್ ಕೊಡದೇ ಇದ್ರೆ ಶೇ. 20 ಹೋಗುತ್ತೆ, ಅದು ಬೇರೆ ಮಾತು. ಜಿಎಸ್‌ಟಿ ಬಗ್ಗೆ ನೀವು ಹೇಳಿದ ಫಲ ಸರಿ, ಕಾರಣ ಸರಿಯಿಲ್ಲ. ನಿಮಗೆ ಬರದೇ ಇರೋದು 20 ಲಕ್ಷದಿಂದ ಅಲ್ಲ. ವಿಮಾ ಏಜೆಂಟು ವಿಮಾ ಕಂಪನಿಗೆ ಮಾಡೋ ಸೇವೆಗೆ ಜಿಎಸ್‌ಟಿ ಇದೆ, ಶೇ. 18 ಇದೆ, ಆದ್ರೆ ಅದನ್ನ ಸರ್ಕಾರಕ್ಕೆ ಕಟ್ಟೋ ಹೊಣೆ ಕಂಪನಿ ಮೇಲೆ ಹಾಕಿದಾರೆ. ಬರೀ ಈ ಕಮಿಷನ್ ಒಂದೇ ಆದಾಯ ಆಗಿದ್ರೆ 20 ಲಕ್ಷ ದಾಟಿದ್ರೂ ರಿಜಿಸ್ಟ್ರೇಷನ್ ಬೇಡ.

ಪದಕ್ಕೆ ಬರೋಣ. ‘ಹಿಮ್ಮುಖ ಶುಲ್ಕ’ ಯಾಕೆ ಕೆಟ್ಟದು ಅಂದ್ರೆ, ಅಲ್ಲಿ ಚಾರ್ಜ್ ಅಂದ್ರೆ ಶುಲ್ಕ ಅಲ್ಲವೇ ಅಲ್ಲ, ತೆರಿಗೆ ಯಾರ ತಲೆ ಮೇಲೆ ಬೀಳುತ್ತೆ ಅನ್ನೋ ಭಾರ. ಸೇವೆ ಕೊಟ್ಟೋನು ವಸೂಲಿ ಮಾಡಿ ಕಟ್ಟೋದು ವಾಡಿಕೆ, ಇಲ್ಲಿ ಸೇವೆ ತಗೊಂಡೋನೇ ನೇರ ಕಟ್ತಾನೆ, ಹಿಂದುಮುಂದಾಗಿರೋದು ಅಷ್ಟೇ. ದುಡ್ಡು ಹಿಂದಕ್ಕೆ ಬರೋ ಮಾತು ಎಲ್ಲೂ ಇಲ್ಲ.

ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಚೀಟೀಲೂ ಇದನ್ನೇ ಹಾಕಿ. ವರ್ಷಕ್ಕೆ 3,00,000 ಕಮಿಷನ್ ಆಯ್ತು ಅನ್ನಿ. ಕಂಪನಿ ಅದರಲ್ಲಿ 6,000 ಟಿಡಿಎಸ್ ಹಿಡಿದು 2,94,000 ಬ್ಯಾಂಕಿಗೆ ಹಾಕುತ್ತೆ. ಆ 6,000 ಏಜೆಂಟ್‌ದೇ ದುಡ್ಡು, ಅವರ ಪ್ಯಾನ್ ಹೆಸರಲ್ಲಿ ಸರ್ಕಾರದ ಹತ್ರ ಕೂತಿರುತ್ತೆ, 26ಎಎಸ್ ತೆಗೆದ್ರೆ ಕಾಣುತ್ತೆ, ಕಂಪನಿ ಮೂರು ತಿಂಗಳಿಗೊಮ್ಮೆ ಫಾರಂ 16ಎ ಕೊಡುತ್ತೆ. ವರ್ಷದ ಕೊನೆಗೆ ತೆರಿಗೆ ಬರಲ್ಲ ಅಂತಾದ್ರೆ ರಿಟರ್ನ್ ಹಾಕಿದ್ರೆ ಪೂರ್ತಿ ವಾಪಸ್, ರಿಟರ್ನ್ ಹಾಕದೇ ಇದ್ರೆ ಇಲ್ಲ. ಇದೇ 3,00,000ದ ಮೇಲೆ ಜಿಎಸ್‌ಟಿ 54,000 ಆಗುತ್ತೆ, ಅದನ್ನ ಕಂಪನಿ ತನ್ನ ಜೇಬಿಂದ ಬೇರೆಯಾಗಿ ಕಟ್ಟುತ್ತೆ, 2,94,000ಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು, ರಿಟರ್ನ್‌ನಲ್ಲಿ ಆದಾಯ ಅಂತ ತೋರಿಸ್ಬೇಕಾಗಿದ್ದು 3,00,000. ಬ್ಯಾಂಕಿಗೆ ಬಂದಷ್ಟೇ ಬರೆದು 6,000 ವಾಪಸ್ ಕೇಳಿದೋರಿಗೆ ಲೆಕ್ಕ ತಾಳೆ ಆಗ್ತಿಲ್ಲ ಅಂತ ನೋಟಿಸ್ ಬರೋದು ನಾನು ನೋಡ್ತಾನೇ ಇರ್ತೀನಿ.

ಅದಕ್ಕೇ ಮೇಷ್ಟ್ರೇ, ‘ಮುರಿದುಕೊಳ್ಳು’ ನನಗೆ ಒಪ್ಪಿಗೆ ಇಲ್ಲ. ಎಪಿಎಂಸೀಲಿ ಹಮಾಲಿ ಮುರ್ಕೊಂಡ್ರು ಅಂದ್ರೆ ಆ ದುಡ್ಡು ಹೋಯ್ತು. ‘ಹಿಡಿದ್ರು’ ಅಂದ್ರೆ ಇನ್ನೂ ನನ್ನದು, ಅವರ ಹತ್ರ ಐತಿ ಅಂತ. ನನ್ನ ಹತ್ರ ಬರೋರೆಲ್ಲ ‘ಟಿಡಿಎಸ್ ಹಿಡಿದಾರೆ’ ಅಂತಾನೇ ಹೇಳೋದು.

ನಿವೃತ್ತ ಕನ್ನಡ ಮೇಷ್ಟ್ರು, ಚಿತ್ರದುರ್ಗ:

‘ಹೊಣೆ’ ಅಂದ್ರಲ್ಲ, ಅದು ಒಳ್ಳೇ ಕನ್ನಡ. ‘ಹೊಣೆಗಾರ’, ‘ಹೊಣೆ ಹೊರು’ ಎಲ್ಲ ಕಾಯಿದೆಗೆ ತಕ್ಕ ಪದಗಳೇ. ಒಪ್ಪಿದೆ. ಆದರೆ ‘ಹಿಡಿ’ ಒಪ್ಪಲ್ಲ. ಹಿಡಿಯೋದು ಕಳ್ಳನ್ನ, ಮೀನನ್ನ. ಸಂಬಳದಲ್ಲಿ ಮುರಿದುಕೊಂಡ ಭವಿಷ್ಯನಿಧಿ ವಾಪಸ್ ಬರಲ್ವಾ? ‘ಮುರಿ’ಗೆ ಹೋಯ್ತು ಅನ್ನೋ ಅರ್ಥ ನೀವು ಅಂಟಿಸಿದ್ದು.

ವಿಮಾ ಏಜೆಂಟ್, ಚಳ್ಳಕೆರೆ:

ಮಧ್ಯ ಬರ್ತಿರೋದಕ್ಕೆ ಕ್ಷಮಿಸಿ, ಮೇಡಂ ಹೇಳಿದ ಲೆಕ್ಕ ನಂಗೆ ತಾಳೆ ಆಗ್ತಿಲ್ಲ. ಹೋದ ಸೆಪ್ಟೆಂಬರ್‌ವರೆಗೂ ಒಂದು ಹೆಲ್ತ್ ಪಾಲಿಸಿ ರಿನ್ಯೂವಲ್‌ಗೆ ಎಷ್ಟು ಬರ್ತಿತ್ತೋ ಈಗ ಅದಕ್ಕಿಂತ ಕಮ್ಮಿ ಬರ್ತೈತೆ. ಕೇಳಿದ್ರೆ ‘ಜಿಎಸ್‌ಟಿ ಸೇರಿ’ ಅಂತಾರೆ. ಅಂದ್ರೆ ನನ್ನ ಹತ್ರ ಶೇ. 18 ಟಿಡಿಎಸ್ ಹಿಡೀತಿದಾರೆ ಅಂತ ತಾನೇ? ರಿಟರ್ನ್ ಹಾಕಿದ್ರೆ ಅದೂ ವಾಪಸ್ ಬರುತ್ತಾ? ಗಾಡಿ ವಿಮೆ ಕಮಿಷನ್ ಮಾತ್ರ ಮೊದಲಿನ ಹಂಗೇ ಐತೆ.

ತೆರಿಗೆ ಲೆಕ್ಕ ನೋಡೋಳು, ಪಿ.ಜೆ. ಬಡಾವಣೆ, ದಾವಣಗೆರೆ:

ಅದು ಟಿಡಿಎಸ್ ಅಲ್ಲ ಅಣ್ಣಾ, ವಾಪಸ್ ಬರಲ್ಲ. 2025ರ ಸೆಪ್ಟೆಂಬರ್ 22ರಿಂದ ಒಬ್ಬೊಬ್ಬರು ತಗೊಳ್ಳೋ ಜೀವ ವಿಮೆ, ಆರೋಗ್ಯ ವಿಮೆ ಪ್ರೀಮಿಯಂ ಮೇಲೆ ಜಿಎಸ್‌ಟಿ ತೆಗೆದ್ರು. ಗಿರಾಕಿಗೆ ಲಾಭ ಆಯ್ತು. ಆದ್ರೆ ನಿಮ್ಮ ಕಮಿಷನ್ ಮೇಲಿನ ಶೇ. 18 ಹಂಗೇ ಉಳೀತು. ಮೊದಲು ಕಂಪನಿ ಆ ಶೇ. 18 ಕಟ್ಟಿ, ಗಿರಾಕಿಯಿಂದ ವಸೂಲಿ ಮಾಡಿದ ಜಿಎಸ್‌ಟಿಯಲ್ಲಿ ವಜಾ ಹಾಕ್ಕೊಳ್ತಿತ್ತು, ಈಗ ವಜಾ ಹಾಕ್ಕೊಳ್ಳೋಕೆ ಏನೂ ಇಲ್ಲ, ಕಟ್ಟಿದ್ದೆಲ್ಲ ಕೈಯಿಂದ ಖರ್ಚು. ಅದಕ್ಕೆ ಕೆಲವು ಕಂಪನಿಗಳು ಕಮಿಷನ್ನನ್ನೇ ‘ಜಿಎಸ್‌ಟಿ ಸೇರಿ’ ಅಂತ ಮಾಡ್ಕೊಂಡ್ವು. ಗಾಡಿ ವಿಮೆ ಪ್ರೀಮಿಯಂಗೆ ಜಿಎಸ್‌ಟಿ ಇನ್ನೂ ಇರೋದ್ರಿಂದ ಅಲ್ಲಿ ಈ ತಾಪತ್ರಯ ಇಲ್ಲ.

ನಿಮಗೆ 11,800 ಬರಬೇಕಿತ್ತು ಅನ್ನಿ. ಈಗ ಅದನ್ನ 10,000 ಕಮಿಷನ್, 1,800 ಜಿಎಸ್‌ಟಿ ಅಂತ ಒಡೀತಾರೆ. 10,000ದಲ್ಲಿ 200 ಟಿಡಿಎಸ್ ಹೋಗಿ 9,800 ಕೈಗೆ. ಇದರಲ್ಲಿ 200 ಮಾತ್ರ 26ಎಎಸ್‌ನಲ್ಲಿ ಕಾಣೋದು. 1,800 ಅಲ್ಲಿ ಹುಡುಕಿದ್ರೆ ಸಿಗಲ್ಲ, ನಿಮ್ಮ ಹೆಸರಲ್ಲಿ ಎಲ್ಲೂ ಇರಲ್ಲ. ಯಾವುದು ಯಾವುದು ಅಂತ ಗೊತ್ತಾಗೋದು ಹಿಂಗೇ. ಜಗಳೂರಿನ ಅಕ್ಕ ಕೇಳಿದ್ರಲ್ಲ, ಕಮಿಷನ್ ದರಾನೇ ಇಳಿಸಿದ್ರಾ ಅಂತ, ಆ ಮಾತು ಟಿಡಿಎಸ್‌ಗಲ್ಲ, ಇದಕ್ಕೆ ಹೊಂದುತ್ತೆ.

ವಿಮಾ ಏಜೆಂಟ್, ಹರಿಹರ:

ಹಂಗಾದ್ರೆ ಹೊಣೆ ಕಂಪನೀದು ಅಂತ ಕಾಯಿದೇಲಿ ಬರೆದು ದುಡ್ಡು ನಮ್ದು ತಗೊಂಡ್ರೆ ಅದೆಂಥ ಹೊಣೆ? ಚೀಟೀಲಿ ‘ಕಂಪನಿ ಕಟ್ಟುತ್ತದೆ’ ಅಂತ ಬರೆದ್ರೆ ಸುಳ್ಳಾಗಲ್ವಾ?

ತೆರಿಗೆ ಲೆಕ್ಕ ನೋಡೋಳು, ಪಿ.ಜೆ. ಬಡಾವಣೆ, ದಾವಣಗೆರೆ:

ಕಟ್ಟೋದು ಕಂಪನೀನೇ, ಸುಳ್ಳಲ್ಲ. ಭಾರ ಯಾರು ಹೊರ್ತಾರೆ ಅನ್ನೋದು ನಿಮಗೂ ಅವರಿಗೂ ಇರೋ ಕರಾರಿನ ಮಾತು. ನಿಮ್ಮ ಏಜೆನ್ಸಿ ಪತ್ರದಲ್ಲಿ ಕಮಿಷನ್ ದರ ಹೆಂಗೆ ಬರೆದಾರೆ, ಬದಲಾಯಿಸೋ ಅಧಿಕಾರ ಇಟ್ಕೊಂಡಿದಾರಾ, ಅದನ್ನ ಓದದೇ ಅವರು ಮಾಡಿದ್ದು ತಪ್ಪು ಅಂತಾನೂ ಸರಿ ಅಂತಾನೂ ನಾನು ಹೇಳಲ್ಲ.

ವಿಮಾ ಏಜೆಂಟ್, ಚಳ್ಳಕೆರೆ:

ಇನ್ನೊಂದೇ ಒಂದು. ನಂದು ಮ್ಯೂಚುಯಲ್ ಫಂಡ್ ಕಮಿಷನ್ನೂ ಸ್ವಲ್ಪ ಐತೆ, ಅದಕ್ಕೂ ಕಂಪನೀನೇ ಹೊಣೆನಾ?

ತೆರಿಗೆ ಲೆಕ್ಕ ನೋಡೋಳು, ಪಿ.ಜೆ. ಬಡಾವಣೆ, ದಾವಣಗೆರೆ:

ಇಲ್ಲ. ಅದು ನಿಮ್ಮ ಹೊಣೆ. ಅದು ಬಂದ ಮೇಲೆ 20 ಲಕ್ಷದ ಲೆಕ್ಕ ಶುರು ಆಗುತ್ತೆ, ವಿಮೆ ಕಮಿಷನ್ನನ್ನೂ ಆ ಮೊತ್ತಕ್ಕೆ ಸೇರಿಸ್ಬೇಕು. ಹತ್ರ ಬಂದಿದ್ರೆ ಬಂದು ನೋಡ್ರಿ.

ವಿಮಾ ಏಜೆಂಟ್, ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಪದ ಹುಡುಕೋದು ಬಿಟ್ಟು ಮೂರು ಪೂರ್ತಿ ವಾಕ್ಯ ಬರೆದಿದೀನಿ:

‘ಟಿಡಿಎಸ್: ನಿಮ್ಮ ಆದಾಯ ತೆರಿಗೆಗಾಗಿ ಕಂಪನಿ ಕಮಿಷನ್‌ನಲ್ಲಿ ಮೊದಲೇ ಹಿಡಿದ ಹಣ. ಇದು ನಿಮ್ಮ ಹೆಸರಿನಲ್ಲಿದೆ, 26ಎಎಸ್‌ನಲ್ಲಿ ನೋಡಿ, ತೆರಿಗೆ ಬರದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ.’

‘ಜಿಎಸ್‌ಟಿ (ರಿವರ್ಸ್ ಚಾರ್ಜ್): ವಿಮೆ ಕಮಿಷನ್ ಮೇಲಿನ ಜಿಎಸ್‌ಟಿ ಕಟ್ಟುವ ಹೊಣೆ ಕಂಪನಿಯದು. ಇದು ವಾಪಸ್ ಬರುವ ಹಣವಲ್ಲ.’

‘ಜಿಎಸ್‌ಟಿ ಸೇರಿ ಎಂದು ಬರೆದಿದ್ದರೆ: ನಿಮ್ಮ ಕಮಿಷನ್ ಅಷ್ಟು ಕಡಿಮೆಯಾಗಿದೆ ಎಂದರ್ಥ.’

ಕಾಯಿದೆ ಕಲಂ ನಂಬರ್ 194ಡಿ ಅಂತ ಕೆಳಗೆ ಹಾಕಲಾ?

ತೆರಿಗೆ ಲೆಕ್ಕ ನೋಡೋಳು, ಪಿ.ಜೆ. ಬಡಾವಣೆ, ದಾವಣಗೆರೆ:

ಬೇಡ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ, ಕಲಂ ನಂಬರೆಲ್ಲ ಬದಲು. ಚೀಟಿ ಹಳೇದಾಗಿಬಿಡುತ್ತೆ.

ನಿವೃತ್ತ ಕನ್ನಡ ಮೇಷ್ಟ್ರು, ಚಿತ್ರದುರ್ಗ:

ವಾಕ್ಯಗಳು ಚೆನ್ನಾಗಿವೆ. ‘ಹಿಡಿದ ಹಣ’ ಮಾತ್ರ ‘ಮುರಿದುಕೊಂಡ ಹಣ’ ಆಗಬೇಕು, ಇದನ್ನ ನಾನು ಬಿಡಲ್ಲ.

ಡಿಟಿಪಿ ಕೆಲಸದವನು, ದಾವಣಗೆರೆ:

ಬಿಡಬೇಡಿ. ‘ಹಿಡಿದ’ ಅಂತಾನೇ ಕಂಪೋಸ್ ಮಾಡ್ತಿದೀನಿ.