ರೆಸಲ್ಯೂಷನ್ ಅಂದರೆ "ಸ್ಪಷ್ಟತೆ" ಅನ್ನಬಹುದೇ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ತಾತನ ವರ್ಷದ ತಿಥಿಗೆ ಅಂತ, ಮನೆಯವರ ಗ್ರೂಪಿನಲ್ಲಿ ಬಂದಿದ್ದ ಅವರ ಫೋಟೋವನ್ನು 12×15 ಇಂಚಿಗೆ ದೊಡ್ಡದು ಮಾಡಿಸಿದೆ. ಫೋನಿನಲ್ಲಿ ಚೆನ್ನಾಗಿಯೇ ಇತ್ತು. ಪ್ರಿಂಟ್ ಬಂದಾಗ ನೋಡಿದರೆ ಮುಖಕ್ಕೆ ಬೆಣ್ಣೆ ಸವರಿದ ಹಾಗಿದೆ. ಮೀಸೆ ಎಲ್ಲಿ ಮುಗಿಯಿತು, ತುಟಿ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. "ರೆಸಲ್ಯೂಷನ್ ಇಲ್ಲ ಸಾರ್, ಬರೀ 240 ಇಂಟು 300 ಇದೆ" ಅಂದರು ಸ್ಟುಡಿಯೋದವರು.

ಮಕ್ಕಳಿಗೆ ಕೊಡುವ ಕಂಪ್ಯೂಟರ್ ಟಿಪ್ಪಣಿಯಲ್ಲಿ ನಾನು ರೆಸಲ್ಯೂಷನ್‌ಗೆ "ಸ್ಪಷ್ಟತೆ" ಅಂತ ಬರೆದಿದ್ದೇನೆ. ಆದರೆ ಇದೇ ಫೋಟೋ ಫೋನಿನಲ್ಲಿ ಸ್ಪಷ್ಟವಾಗಿತ್ತಲ್ಲ? ಪದ ತಪ್ಪೋ, ನನ್ನ ತಿಳಿವಳಿಕೆ ತಪ್ಪೋ? ಪಿಕ್ಸೆಲ್‌ಗೂ ಒಂದು ಒಳ್ಳೆಯ ಮಾತಿದ್ದರೆ ತಿಳಿಸಿ.

ಧಾರವಾಡದಿಂದ

ಇದರಾಗ ಚರ್ಚಾ ಮಾಡೋದೇನೈತ್ರಿ? ರೆಸಲ್ಯೂಷನ್ ಅಂದರೆ ಠರಾವು. ಮೂವತ್ತು ವರ್ಷ ಪಂಚಾಯಿತಿಯಲ್ಲಿ ಅದನ್ನೇ ಬರೆದಿದ್ದೇನೆ. ನಿಮ್ಮ ಕಡೆ ನಿರ್ಣಯ ಅನ್ನುತ್ತೀರಿ, ಅದೂ ನಡೆಯುತ್ತದೆ.

ಮೈಸೂರಿನಿಂದ

ಹಿರಿಯರು ಫೋಟೋ ವಿಷಯ ಓದಲೇ ಇಲ್ಲ ಅನಿಸುತ್ತದೆ! ಪಿಕ್ಸೆಲ್‌ಗೆ "ಚುಕ್ಕಿ" ಸಾಕಲ್ವಾ? ರಂಗೋಲಿಯಲ್ಲಿ ಏಳು ಚುಕ್ಕಿ, ಹದಿನೈದು ಚುಕ್ಕಿ ಅನ್ನುತ್ತೇವೆ. ಏಳು ಚುಕ್ಕಿಯ ರಂಗೋಲಿಯನ್ನು ದೊಡ್ಡ ಅಂಗಳದಲ್ಲಿ ಹಾಕಿದರೆ ಚುಕ್ಕಿಗಳು ದೂರದೂರ ಹೋಗುತ್ತವೆ ಅಷ್ಟೆ. ಅದು ಹದಿನೈದು ಚುಕ್ಕಿಯ ರಂಗೋಲಿ ಆಗುವುದಿಲ್ಲ. ಮೇಷ್ಟ್ರ ಫೋಟೋಗೂ ಇದೇ ಆಗಿರಬೇಕು.

ಶಿವಮೊಗ್ಗದಿಂದ

ಸರ್, ಸ್ಟುಡಿಯೋದವರಿಗೆ ಗೊತ್ತಿಲ್ಲ. ಫೈಲು 72 ಡಿಪಿಐ, ಅಂದರೆ ಇಂಚಿಗೆ 72 ಚುಕ್ಕಿ, ಇರುತ್ತದೆ. ಫೋಟೋಶಾಪಿನಲ್ಲಿ Image Size ತೆಗೆದು 72 ಇದ್ದಲ್ಲಿ 300 ಅಂತ ಹಾಕಿ. ರೆಸಲ್ಯೂಷನ್ ಜಾಸ್ತಿ ಆಗುತ್ತದೆ. ಸಂಖ್ಯೆ ಕಡಿಮೆ ಇದ್ದರೆ ಮಸುಕು, ಅಷ್ಟೇ ವಿಷಯ.

ಬೆಂಗಳೂರಿನಿಂದ

ಇಪ್ಪತ್ತು ವರ್ಷದಿಂದ ಪ್ರೆಸ್ಸಿಗೆ ಹೋಗುವ ಫೋಟೋಗಳನ್ನು ಸರಿಮಾಡುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಫೈಲಿನೊಳಗೆ ತಾತನ ಮುಖ ಇಲ್ಲ, ಅಂಕಿಗಳಿವೆ. ಅಡ್ಡಕ್ಕೆ 240, ಉದ್ದಕ್ಕೆ 300, ಒಟ್ಟು 72,000 ಜಾಗ. ಒಂದೊಂದು ಜಾಗಕ್ಕೂ ಒಂದು ಬಣ್ಣ. ಅದೇ ಪಿಕ್ಸೆಲ್. ಅದಕ್ಕೆ ಇಷ್ಟು ಅಗಲ ಅಂತ ಸ್ವಂತ ಅಳತೆ ಇರುವುದಿಲ್ಲ. ಫೋನಿನಲ್ಲಿ ನೀವು ಎರಡು ಇಂಚು ಅಗಲಕ್ಕೆ ನೋಡಿದಿರಿ ಅಂದುಕೊಳ್ಳಿ. ಇಂಚಿಗೆ 120 ಪಿಕ್ಸೆಲ್ ಬಂತು. ಪ್ರಿಂಟಿನಲ್ಲಿ ಅದೇ 240 ಪಿಕ್ಸೆಲ್ 12 ಇಂಚಿಗೆ ಹರಡಿತು. ಇಂಚಿಗೆ 20. ಅಂದರೆ ಒಂದೊಂದೂ ಒಂದೂಕಾಲು ಮಿಲಿಮೀಟರ್ ಅಗಲ.

ಹಾಗಿದ್ದರೆ ಚೌಕ ಚೌಕ ಕಾಣಬೇಕಿತ್ತಲ್ಲ, ಬೆಣ್ಣೆ ಯಾಕೆ ಅಂತ ಕೇಳಬಹುದು. ತಾತನ ಕನ್ನಡಕದ ಅಂಚು ತೆಗೆದುಕೊಳ್ಳಿ. ಕಪ್ಪಿಗೆ 0, ಬಿಳಿಗೆ 255. ಫ್ರೇಮಿನ ಪಿಕ್ಸೆಲ್ 40, ಪಕ್ಕದ ಕೆನ್ನೆಯದು 200 ಇರಲಿ. ಫೋಟೋವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಇವೆರಡರ ನಡುವೆ ಮೂರು ಹೊಸ ಜಾಗ ಹುಟ್ಟುತ್ತವೆ. ಅಲ್ಲಿ ಏನಿತ್ತು ಅಂತ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಅಕ್ಕಪಕ್ಕ ನೋಡಿ ಹಂಚಿ ಹಾಕುತ್ತದೆ:

```
40   80   120   160   200
```

ಮೊದಲು 40ರಿಂದ 200ಕ್ಕೆ ಒಂದೇ ನೆಗೆತ. ಈಗ ಅದು ಇಳಿಜಾರು. ಕಣ್ಣಿಗೆ ಆ ಇಳಿಜಾರೇ ಮಸುಕು. ಊಹೆ ಬೇಡ, ಇದ್ದದ್ದನ್ನೇ ನಾಲ್ಕು ಸಲ ಬರೆ ಅಂದರೆ ಅಂಚು ಉಳಿಯುತ್ತದೆ, ಆದರೆ ಮೀಸೆ ಮೆಟ್ಟಿಲಾಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ನಾವು ಇಂಚಿಗೆ 300 ಕೇಳುತ್ತೇವೆ. 12×15ಕ್ಕೆ 3600×4500 ಆಯಿತು. ಇದ್ದದ್ದರ 225 ಪಟ್ಟು. ಗೊತ್ತಿರುವ ಒಂದು ಪಿಕ್ಸೆಲ್ಲಿಗೆ 224 ಊಹೆ!

ಶಿವಮೊಗ್ಗದ ತಮ್ಮಾ, ನೀನು ಹೇಳಿದ್ದು ಅರ್ಧ ಸರಿ. Resample ಗುರುತು ತೆಗೆದು 300 ಹಾಕಿ ನೋಡು. ಅಗಲ 0.8 ಇಂಚಿಗೆ ಇಳಿಯುತ್ತದೆ. ಪಾಸ್‌ಪೋರ್ಟ್ ಫೋಟೋಗಿಂತ ಚಿಕ್ಕದು. ಒಂದು ಪಿಕ್ಸೆಲ್ಲೂ ಹುಟ್ಟಿಲ್ಲ, ಇದ್ದವನ್ನು ಒತ್ತಾಗಿ ಕೂರಿಸಿದೆ ಅಷ್ಟೆ. ಗುರುತು ಹಾಗೇ ಬಿಟ್ಟರೆ ಪಿಕ್ಸೆಲ್ ಹುಟ್ಟುತ್ತವೆ, ಆದರೆ ಎಲ್ಲಾ ಮೇಲೆ ಹೇಳಿದ ಊಹೆಯವೇ.

ಇನ್ನು ಪದ. ರೆಸಲ್ಯೂಷನ್ ಅಂದರೆ ಹತ್ತಿರ ಹತ್ತಿರ ಇರುವ ಎರಡು ವಸ್ತು ಎರಡಾಗಿಯೇ ಕಾಣುವುದು. ರಾತ್ರಿ ಹೆದ್ದಾರಿಯಲ್ಲಿ ದೂರದಿಂದ ಬರುವ ಕಾರು ಒಂದೇ ದೀಪದ ಹಾಗೆ ಕಾಣುತ್ತದೆ. ಹತ್ತಿರ ಬಂದಾಗ ಎರಡು ದೀಪ ಬಿಡಿಯಾಗುತ್ತವೆ. ದೂರದಲ್ಲೂ ಆ ಬೆಳಕು ಸ್ಪಷ್ಟವಾಗಿಯೇ ಇತ್ತು, ಬಿಡಿಯಾಗಿರಲಿಲ್ಲ. ಆದ್ದರಿಂದ "ಸ್ಪಷ್ಟತೆ" ನನಗೆ ಒಪ್ಪಿಗೆಯಿಲ್ಲ. "ಬಿಡಿಸುವಿಕೆ" ಅನ್ನಬಹುದೇನೋ. "ಬಿಡಿಸಿ ಹೇಳು" ಅನ್ನುತ್ತೇವಲ್ಲ, ಆ ಅರ್ಥದಲ್ಲಿ.

"ಚುಕ್ಕಿ" ಬಗ್ಗೆ ಒಂದು ತಕರಾರಿದೆ. ರಂಗೋಲಿಯ ಹೋಲಿಕೆ ಬಹಳ ಹಿಡಿಸಿತು. ಆದರೆ ಪ್ರೆಸ್ಸಿನಲ್ಲಿ ಚುಕ್ಕಿ ಅಂದರೆ ಶಾಯಿಯ ಚುಕ್ಕಿ. ಒಂದು ಪಿಕ್ಸೆಲ್ ಬಣ್ಣ ತೋರಿಸಲು ಪ್ರಿಂಟರ್ ಹಲವಾರು ಶಾಯಿಚುಕ್ಕಿ ಹಾಕುತ್ತದೆ. ಪ್ರಿಂಟರಿನ ಡಬ್ಬದ ಮೇಲೆ 1440 ಡಿಪಿಐ ಅಂತ ಕಂಡು ಜನ ಮೋಸಹೋಗುವುದು ಇಲ್ಲೇ. ಪಿಕ್ಸೆಲ್ ಹೀಗೇ ಇರಲಿ ಬಿಡಿ. ಇಂಗ್ಲಿಷಿನಲ್ಲೂ ಅದು ಹಳೆಯದಲ್ಲ. ಪಿಕ್ಚರನ್ನು "ಪಿಕ್ಸ್" ಮಾಡಿ, ಎಲಿಮೆಂಟಿನ "ಎಲ್" ಸೇರಿಸಿದ್ದು. ಅಚ್ಚಿನಲ್ಲಿ ಮೊದಲು ಬಂದದ್ದು 1965ರಲ್ಲಿ, ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿದ್ದ ಫ್ರೆಡ್ ಬಿಲಿಂಗ್ಸ್ಲಿ ಬರೆದ ಲೇಖನಗಳಲ್ಲಿ.

ಮಂಗಳೂರಿನಿಂದ

ನನ್ನ ಫೋನು 50 ಮೆಗಾಪಿಕ್ಸೆಲ್ ಮಾರಾಯ್ರೆ. ಆದರೂ ರಾತ್ರಿ ಯಕ್ಷಗಾನದ ಫೋಟೋ ಎಲ್ಲ ಮಬ್ಬು. ಕುಣಿಯುವಾಗ ಕಿರೀಟವೇ ಕಾಣುವುದಿಲ್ಲ. ಇದು ಯಾವ ಲೆಕ್ಕ?

ಬೆಂಗಳೂರಿನಿಂದ

ಅದು ಬೇರೆ ಮಬ್ಬು. ಬೆಳಕು ಸಾಲದೆ ಶಟರ್ ಜಾಸ್ತಿ ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ವೇಷ ಸರಿದುಹೋಗಿರುತ್ತದೆ. ಫೋಟೋವನ್ನು ಕಂಪ್ಯೂಟರಿನಲ್ಲಿ 100%ಗೆ ಇಟ್ಟು ನೋಡಿ. ಅಲ್ಲೇ ಗೆರೆ ಎಳೆದ ಹಾಗೆ ಕಂಡರೆ ತೆಗೆಯುವಾಗಲೇ ಕೆಟ್ಟಿದೆ. 100%ಗೆ ಚೊಕ್ಕವಾಗಿದ್ದು 400%ಗೆ ಮಬ್ಬಾದರೆ ಹಿಗ್ಗಿಸಿದ್ದರ ತಪ್ಪು.

ಮೇಷ್ಟ್ರೇ, ಆ ಫೋಟೋದ ಮೂಲ ಪ್ರಿಂಟ್ ಮನೆಯಲ್ಲಿದೆಯೇ? ಎರಡು ಇಂಚು ಅಗಲ ಇದ್ದರೂ ಸಾಕು, 600ಕ್ಕೆ ಸ್ಕ್ಯಾನ್ ಮಾಡಿಸಿ. 1200 ಪಿಕ್ಸೆಲ್ ಅಗಲ ಸಿಗುತ್ತದೆ. ಪೇಪರಿನಲ್ಲಿ ಬಂದ ಫೋಟೋ ಆದರೆ ಬೇಡ. ಸ್ಕ್ಯಾನರ್ ಅದರ ಶಾಯಿಚುಕ್ಕಿಗಳನ್ನೇ ದೊಡ್ಡದು ಮಾಡಿ ಕೊಡುತ್ತದೆ.

ಶಿವಮೊಗ್ಗದಿಂದ

ಅಕ್ಕಾ, ನೋಡಿದೆ, 0.8 ಇಂಚು ಬಂತು. ಆದರೆ 1500 ಪಿಕ್ಸೆಲ್ ಫೋಟೋದಲ್ಲಿ ಹತ್ತಡಿ ಫ್ಲೆಕ್ಸ್ ಹಾಕಿಸಿದ್ದೇವೆ, ಯಾರೂ ಮಸುಕು ಅನ್ನಲಿಲ್ಲ. ಅದಕ್ಕೇನು ಹೇಳುತ್ತೀರಿ?

ಬೆಂಗಳೂರಿನಿಂದ

ಅದನ್ನು ಯಾರು ಮೂಗಿನ ಹತ್ತಿರ ಹಿಡಿದು ನೋಡುತ್ತಾರಪ್ಪಾ? ಒಂದು ಪಿಕ್ಸೆಲ್ ಎರಡು ಮಿಲಿಮೀಟರ್ ಆಗಿರುತ್ತದೆ. ರಸ್ತೆಯ ಆಚೆಯಿಂದ, ಸುಮಾರು ಏಳು ಮೀಟರ್ ದೂರದಿಂದ, ಅದು ಕಣ್ಣಿಗೆ ಬಿಡಿಯಾಗಿ ಸಿಗುವುದೇ ಕಷ್ಟ. ಮೇಷ್ಟ್ರ ಪ್ರಿಂಟನ್ನೂ ಹದಿನಾಲ್ಕು ಹದಿನೈದು ಅಡಿ ದೂರದಿಂದ ನೋಡಿದರೆ ಪರವಾಗಿಲ್ಲ ಅನಿಸಬಹುದು.

ಧಾರವಾಡದಿಂದ

"ಬಿಡಿಸುವಿಕೆ" ಅಂದರೆ ನಮ್ಮಲ್ಲಿ ಜಗಳ ಬಿಡಿಸುವುದು, ಶೇಂಗಾ ಬಿಡಿಸುವುದು. ಪದ ಗೊಂದಲ ಮಾಡುತ್ತದೆ. ಠರಾವು ವಾಪಸ್ ತಗೊಂಡೆ, ಆದರೆ ಇದಕ್ಕೂ ನನ್ನ ಸಹಿ ಇಲ್ಲ.

ತುಮಕೂರಿನಿಂದ

ಚಿಕ್ಕಮ್ಮನ ಆಲ್ಬಮ್ಮಿನಲ್ಲಿ ಮೂಲ ಪ್ರಿಂಟ್ ಸಿಕ್ಕಿತು, ಎರಡು ಇಂಚೇ. 600ಕ್ಕೆ ಸ್ಕ್ಯಾನ್ ಮಾಡಿಸಿದೆ. ಟಿಪ್ಪಣಿಯಲ್ಲಿ ಸದ್ಯಕ್ಕೆ "ಸ್ಪಷ್ಟತೆ" ಹೊಡೆದುಹಾಕಿ ರೆಸಲ್ಯೂಷನ್ ಅಂತಲೇ ಬರೆದಿದ್ದೇನೆ. ಒಂದು ಮಾತು ಹೇಳಬೇಕು. ಗ್ರೂಪಿನ ಫೋಟೋದಲ್ಲಿ ತಾತನ ಜೇಬಿನ ಹತ್ತಿರ ಒಂದು ದಪ್ಪ ಕರಿ ಗೆರೆ ಇತ್ತು. ಪೆನ್ನು ಅಂದುಕೊಂಡಿದ್ದೆ. ಸ್ಕ್ಯಾನಿನಲ್ಲಿ ನೋಡಿದರೆ ಎರಡು ಪೆನ್ನು.