ಮೊದಲ ಉದ್ರಿ ಬಿಲ್‌ಗೆ ಮುಂಚೆ ಲಿಮಿಟ್ ಎಷ್ಟು ಇಡಬೇಕು?

ಪ್ರಶ್ನೆ: ನಾವು ಪ್ಯಾಕಿಂಗ್ ಡಬ್ಬಗಳನ್ನು ಮಾಡಿ ಮಾರುತ್ತೇವೆ. ಒಬ್ಬ ಗಿರಾಕಿ ನಾಲ್ಕು ತಿಂಗಳಿಂದ ಪೂರ್ತಿ ದುಡ್ಡು ಮುಂಚೆಯೇ ಕೊಟ್ಟು ಮಾಲು ತೆಗೆದುಕೊಳ್ಳುತ್ತಿದ್ದಾರೆ. ಹದಿನೈದು ದಿನಕ್ಕೊಂದು ಆರ್ಡರ್, ಒಂದೊಂದೂ ಒಂದೂವರೆ ಲಕ್ಷದ್ದು. ಈಗ 30 ದಿನದ ಉದ್ರಿ ಮತ್ತು 6 ಲಕ್ಷದ ಲಿಮಿಟ್ ಕೇಳುತ್ತಿದ್ದಾರೆ. ಮೂರು ರೆಫರೆನ್ಸ್ ಕೊಟ್ಟಿದ್ದಾರೆ. ಮೊದಲನೆಯವರು ‘ವಾರದೊಳಗೆ ದುಡ್ಡು ಬರುತ್ತೆ’ ಅಂದರು. ಎರಡನೆಯವರು ‘ಸ್ವಲ್ಪ ಹಿಂದೆ ಮುಂದೆ ಆಗುತ್ತೆ, ಆದರೆ ಕೊಡ್ತಾರೆ’ ಅಂದರು. ಮೂರನೆಯವರು ಫೋನ್ ಎತ್ತಲಿಲ್ಲ. ಎಷ್ಟು ಲಿಮಿಟ್ ಕೊಡಲಿ?

ಬಿಡಿಭಾಗಗಳ ವ್ಯಾಪಾರಿಯೊಬ್ಬರು: ಲೆಕ್ಕ ಸುಲಭ ಸರ್. ತಿಂಗಳಿಗೆ 3 ಲಕ್ಷದ ಮಾಲು, 30 ದಿನದ ಗಡುವು. ಅಂದರೆ ಲಿಮಿಟ್ 3 ಲಕ್ಷ. 6 ಲಕ್ಷ ಯಾಕೆ ಬೇಕು ಅವರಿಗೆ? ಇಬ್ಬರು ಒಳ್ಳೆಯ ಮಾತಾಡಿದ್ದಾರೆ, ನಾಲ್ಕು ತಿಂಗಳು ದುಡ್ಡು ಸರಿಯಾಗಿ ಬಂದಿದೆ. ಕೊಟ್ಟುಬಿಡಿ.

ಮತ್ತೊಬ್ಬ ಸದಸ್ಯರು: ನಮಗೆ ಬ್ಯಾಂಕಿನವರು ಲಿಮಿಟ್ ಕೊಡುವಾಗ ಮೂರು ವರ್ಷದ ಲೆಕ್ಕಪತ್ರ, ಸ್ಟಾಕ್ ಪಟ್ಟಿ ಎಲ್ಲಾ ಕೇಳಿದ್ದರು. ಅದೆಲ್ಲ ರೆಡಿ ಇಟ್ಟುಕೊಳ್ಳಿ, ಬೇಗ ಆಗುತ್ತೆ.

ಪ್ರಶ್ನೆ ಕೇಳಿದವರು: ಬ್ಯಾಂಕ್ ಲಿಮಿಟ್ ಅಲ್ಲ ಮೇಡಂ. ನಾವು ನಮ್ಮ ಗಿರಾಕಿಗೆ ಕೊಡುವ ಉದ್ರಿ.

ಕ್ರೆಡಿಟ್ ಕಂಟ್ರೋಲ್ ವಿಭಾಗದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವರು: ಲಿಮಿಟ್ ಮಾತು ಆಮೇಲೆ. ನಿಮ್ಮ ಕೈಯಲ್ಲಿ ಇನ್ನೂ ರೆಫರೆನ್ಸ್ ಇಲ್ಲ. ಇರುವುದು ಎರಡು ಒಳ್ಳೆಯ ಮಾತು ಅಷ್ಟೇ.

ರೆಫರೆನ್ಸ್ ಕೊಡುವವರನ್ನು ಆರಿಸಿದ್ದು ಗಿರಾಕಿಯೇ. ಕೆಟ್ಟದಾಗಿ ಹೇಳುವವರ ಹೆಸರನ್ನು ಯಾರು ತಾನೇ ಬರೆದುಕೊಡುತ್ತಾರೆ? ಹಾಗಾಗಿ ‘ಪಾರ್ಟಿ ಹೇಗೆ’ ಅಂತ ಕೇಳಿದರೆ ಪ್ರಯೋಜನವಿಲ್ಲ. ಲೆಡ್ಜರ್ ತೆರೆದು ನೋಡಿ ಹೇಳಬೇಕಾದ ಪ್ರಶ್ನೆ ಕೇಳಿ. ಖಾತೆ ತೆರೆದದ್ದು ಯಾವಾಗ? ಹೋದ ಒಂದು ವರ್ಷದಲ್ಲಿ ಅತಿ ಹೆಚ್ಚು ಬಾಕಿ ಎಷ್ಟಿತ್ತು? ಒಪ್ಪಿದ ಗಡುವು ಎಷ್ಟು, ಕೊನೆಯ ಕೆಲವು ಬಿಲ್‌ಗಳು ನಿಜವಾಗಿ ಎಷ್ಟು ದಿನಕ್ಕೆ ತೀರಿದವು? ಕೊನೆಯ ಬಿಲ್ ಯಾವಾಗ ಮಾಡಿದಿರಿ? ಈಗ ಬಾಕಿ ಇದೆಯಾ? ಇದಿಷ್ಟು ಸಾಕು. ‘ನಾನು ಎಷ್ಟು ಕೊಡಲಿ’ ಅಂತ ಅವರನ್ನು ಕೇಳಬೇಡಿ. ಅದು ಅವರ ತೀರ್ಮಾನ ಅಲ್ಲ.

ಇನ್ನೊಂದು ವಿಷಯ. ಫೋನ್ ನಂಬರನ್ನು ಗಿರಾಕಿ ಕೊಟ್ಟ ಹಾಳೆಯಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ ಅವರ ಆಫೀಸಿಗೆ ಮಾಡಿ. ಹಾಳೆಯಲ್ಲಿದ್ದ ನಂಬರಿನಲ್ಲಿ ಗಿರಾಕಿಯ ಬಾಮೈದನೇ ಮಾತಾಡಿದ್ದನ್ನು ನಾನು ನೋಡಿದ್ದೇನೆ.

ನಾಲ್ಕು ತಿಂಗಳ ಅಡ್ವಾನ್ಸ್ ವ್ಯವಹಾರದ ಬಗ್ಗೆ. ಅದರಿಂದ ಅವರಿಗೆ ಎಷ್ಟು ಮಾಲು ಬೇಕು ಅನ್ನೋದು ಗೊತ್ತಾಗುತ್ತದೆ. ಗಡುವಿನ ದಿನ ದುಡ್ಡು ಕೊಡುತ್ತಾರೋ ಇಲ್ಲವೋ ಅನ್ನೋದು ಗೊತ್ತಾಗುವುದಿಲ್ಲ, ಯಾಕೆಂದರೆ ಅವರಿಗೆ ಗಡುವು ಅನ್ನೋದೇ ಇರಲಿಲ್ಲ.

ಪ್ರಶ್ನೆ ಕೇಳಿದವರು: ಎರಡು ದಿನ ಹಿಡಿಯಿತು, ಮತ್ತೆ ಕೇಳಿದೆ. ಮೊದಲನೆಯವರು ಅಂಟಿಸುವ ಟೇಪ್ ಕೊಡುತ್ತಾರೆ. ನಾಲ್ಕು ವರ್ಷದ ಖಾತೆ, ಅತಿ ಹೆಚ್ಚು ಬಾಕಿ 40 ಸಾವಿರ. ಎರಡನೆಯವರು ನಮ್ಮ ಹಾಗೆ ಡಬ್ಬ ಮಾಡುವವರು. ಅತಿ ಹೆಚ್ಚು ಬಾಕಿ 2 ಲಕ್ಷ 40 ಸಾವಿರ. ಗಡುವು 30 ದಿನ, ಕೊನೆಯ ಬಿಲ್‌ಗಳು ತೀರಿದ್ದು 38ರಿಂದ 47 ದಿನಕ್ಕೆ, ಹೆಚ್ಚಿನವು 44ರ ಆಸುಪಾಸು. ಕೊನೆಯ ಬಿಲ್ ಐದು ತಿಂಗಳ ಹಿಂದಿನದು. ಅದರಲ್ಲಿ 60 ಸಾವಿರ ಇನ್ನೂ ಬಂದಿಲ್ಲವಂತೆ. ಗಿರಾಕಿಯನ್ನು ಕೇಳಿದರೆ ‘ಆ ಲೋಡಿನಲ್ಲಿ ಡಬ್ಬ ಒದ್ದೆಯಾಗಿತ್ತು, ಅದಕ್ಕೇ ತಡೆದಿದ್ದೇನೆ’ ಅಂತಾರೆ. ಮೂರನೆಯವರು ಇನ್ನೂ ಸಿಕ್ಕಿಲ್ಲ. ನಮಗೆ ನೂರಕ್ಕೆ ಹದಿನೈದು ಉಳಿಯುತ್ತದೆ, ಅದೂ ಬೇಕಾಗಬಹುದು ಅಂತ ಹೇಳುತ್ತಿದ್ದೇನೆ.

ಕ್ರೆಡಿಟ್ ಕಂಟ್ರೋಲ್‌ನವರು: ಈಗ ಕೈಗೆ ಏನೋ ಸಿಕ್ಕಿತು. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಐದು ತಿಂಗಳ ಹಿಂದೆ ಬಿಲ್ ನಿಂತಿದೆ. ನಿಮ್ಮ ಹತ್ತಿರ ನಾಲ್ಕು ತಿಂಗಳ ಹಿಂದೆ ಅಡ್ವಾನ್ಸ್ ಕೊಟ್ಟು ಶುರು ಮಾಡಿದ್ದಾರೆ. ಅಲ್ಲಿ ಬಾಕಿ ಉಳಿಸಿಕೊಂಡು ಇಲ್ಲಿಗೆ ಬಂದರು ಅನ್ನೋದು ಒಂದು ಅರ್ಥ. ನಿಜವಾಗಿ ಮಾಲು ಒದ್ದೆಯಾಗಿತ್ತು, ಬೇಸತ್ತು ಬಿಟ್ಟು ಬಂದರು ಅನ್ನೋದು ಇನ್ನೊಂದು. ಎರಡನ್ನೂ ಬೇರೆ ಮಾಡಲು ಒಂದೇ ದಾರಿ, ಆಗಿನ ಕಾಗದ. ಮಾಲು ಕೆಟ್ಟಿದ್ದರೆ ಅದೇ ವಾರ ಒಂದು ಇಮೇಲ್, ಫೋಟೊ ಅಥವಾ ಡೆಬಿಟ್ ನೋಟ್ ಹೋಗಿರಬೇಕು. ಅದನ್ನು ತೋರಿಸಿ ಅಂತ ಗಿರಾಕಿಯನ್ನೇ ಕೇಳಿ. ದುಡ್ಡು ಕೇಳಿದ ಮೇಲೆ ಎದ್ದ ದೂರು ಆದರೆ ನಾನು ಉದ್ರಿ ತೆರೆಯುವುದಿಲ್ಲ.

ಟೇಪಿನವರ ಮಾತು ಸುಳ್ಳಲ್ಲ, ಆದರೆ ನಿಮಗೆ ಉಪಯೋಗಕ್ಕೆ ಬಾರದ್ದು. 40 ಸಾವಿರವನ್ನು ವಾರದಲ್ಲಿ ತೀರಿಸುವವರು 6 ಲಕ್ಷವನ್ನೂ ಹಾಗೇ ತೀರಿಸುತ್ತಾರೆ ಅಂತ ಹೇಳಲು ಬರುವುದಿಲ್ಲ. ಒಳ್ಳೆಯ ಹೆಸರಿಗಾಗಿ ಒಂದು ಸಣ್ಣ ಖಾತೆಯನ್ನು ಚೊಕ್ಕವಾಗಿ ಇಟ್ಟುಕೊಳ್ಳುವವರೂ ಇದ್ದಾರೆ. ಹಾಗಾಗಿ ಅವರ ನಿಜವಾದ ಅಭ್ಯಾಸ 44 ದಿನ, ಇನ್ನೊಬ್ಬರು ಅವರನ್ನು ನಂಬಿದ ಅಳತೆ 2 ಲಕ್ಷ 40 ಸಾವಿರ ಅಂತಲೇ ಹಿಡಿಯಿರಿ.

ಈಗ ನಿಮ್ಮ ಜೇಬು ನೋಡಿ. 6 ಲಕ್ಷದ ಬಿಲ್ ಮುಳುಗಿದರೆ ಅದರಲ್ಲಿ ನಿಮ್ಮ ಸ್ವಂತ ಖರ್ಚು 5 ಲಕ್ಷ 10 ಸಾವಿರ. ನೂರಕ್ಕೆ ಹದಿನೈದರಂತೆ ಅದನ್ನು ಮತ್ತೆ ದುಡಿಯಲು 34 ಲಕ್ಷದ ಮಾರಾಟ ಬೇಕು. ಇಂಥದ್ದೇ ಇನ್ನೊಬ್ಬ ಗಿರಾಕಿ ಸಿಕ್ಕರೂ ಹನ್ನೊಂದು ತಿಂಗಳಿಗೂ ಜಾಸ್ತಿ.

ಬಿಡಿಭಾಗಗಳ ವ್ಯಾಪಾರಿ: ಸರಿ, 6 ಬೇಡ. ನಾನು ಹೇಳಿದ 3 ಲಕ್ಷದ ಲೆಕ್ಕದಲ್ಲಿ ಏನು ತಪ್ಪು?

ಕ್ರೆಡಿಟ್ ಕಂಟ್ರೋಲ್‌ನವರು: ಅವರು 30ನೇ ದಿನ ಕೊಟ್ಟರೆ ತಪ್ಪೇನಿಲ್ಲ. 44ನೇ ದಿನ ಕೊಡುವವರಿಗೆ ದಿನಕ್ಕೆ 10 ಸಾವಿರದಂತೆ 4 ಲಕ್ಷ 40 ಸಾವಿರ ಹೊರಗಿರುತ್ತದೆ. ನೀವು 3 ಅಂತ ಬರೆದಿರುತ್ತೀರಿ, ಮಾರಾಟದ ಹುಡುಗರು ‘ಒಳ್ಳೆ ಪಾರ್ಟಿ ಸರ್’ ಅಂತ ಪ್ರತಿ ಸಲ ದಾಟಿಸುತ್ತಿರುತ್ತಾರೆ.

ಒಬ್ಬ ಲೆಕ್ಕಪರಿಶೋಧಕಿ: ಒಂದು ಮಾತು ಸರ್. ದಿನಕ್ಕೆ 10 ಸಾವಿರ ಅನ್ನೋದು ಸರಾಸರಿ. ಇವರ ಆರ್ಡರ್ ದಿನಾ ಹೋಗೋದಿಲ್ಲ, ಹದಿನೈದು ದಿನಕ್ಕೆ ಒಂದೂವರೆ ಲಕ್ಷ ಒಟ್ಟಿಗೆ ಹೋಗುತ್ತೆ. ಬಾಕಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ ಅಲ್ವಾ?

ಕ್ರೆಡಿಟ್ ಕಂಟ್ರೋಲ್‌ನವರು: ಸರಿಯಾಗಿ ಹಿಡಿದಿರಿ ಮೇಡಂ, ನಾನು ಅವಸರ ಮಾಡಿದೆ. ಮೆಟ್ಟಿಲಿನ ಲೆಕ್ಕವೇ ಮಾಡೋಣ.

ಕಾಗದ ಸರಿ ಇದ್ದರೆ ನನ್ನ ಸಲಹೆ ಹೀಗೆ. ಪ್ರತಿ ಆರ್ಡರಿಗೂ ಅರ್ಧ ಅಡ್ವಾನ್ಸ್, ಉಳಿದ ಅರ್ಧ 30 ದಿನದ ಉದ್ರಿ. ಅಂದರೆ ಒಂದು ಆರ್ಡರಿಗೆ 75 ಸಾವಿರ ಬಾಕಿ. ಮೊದಲ ದಿನ 75 ಸಾವಿರ. 15ನೇ ದಿನ ಎರಡನೆಯ ಆರ್ಡರ್, ಒಂದೂವರೆ ಲಕ್ಷ. 30ನೇ ದಿನ ಮೂರನೆಯ ಆರ್ಡರ್ ಬರುತ್ತದೆ, ಅದೇ ದಿನ ಮೊದಲ ಬಿಲ್‌ನ ಗಡುವು. ಅದು ತೀರದಿದ್ದರೆ ಬಾಕಿ 2 ಲಕ್ಷ 25 ಸಾವಿರಕ್ಕೆ ಹೋಗುತ್ತದೆ. ಲಿಮಿಟ್ 2 ಲಕ್ಷ ಇದ್ದರೆ ಮೂರನೆಯ ಲೋಡ್ ಗೇಟಿನಲ್ಲೇ ನಿಲ್ಲುತ್ತದೆ. ನಿಮಗೆ ಬೇಕಾದ್ದು ಅದೇ.

‘25 ಸಾವಿರಕ್ಕೆ ಯಾಕೆ ತಕರಾರು, 2.25 ಮಾಡಿ’ ಅಂತ ಅವರು ಕೇಳುತ್ತಾರೆ, ನೋಡುತ್ತಿರಿ. ಆಗ ಮೂರನೆಯ ಲೋಡ್ ಸಲೀಸಾಗಿ ಹೋಗುತ್ತದೆ. ತಡೆಯಾಗುವುದು ನಾಲ್ಕನೆಯದಕ್ಕೆ, 45ನೇ ದಿನ. ಅವರು ದುಡ್ಡು ಕೊಡುವುದು 44ಕ್ಕೆ. ಅಂದರೆ ಕಾಗದದ ಮೇಲೆ 30 ಬರೆದು 45 ದಿನ ಕೊಟ್ಟ ಹಾಗೆ ಆಯಿತು.

ಗಡುವು ಯಾವಾಗಿಂದ ಅಂತಲೂ ಬರೆಯಿಸಿ, ಮೊದಲ ಬಿಲ್‌ಗೆ ಮುಂಚೆ ಸಹಿ ಹಾಕಿಸಿ. ಬರೀ ‘30 ದಿನ’ ಅಂದರೆ ನೀವು ಬಿಲ್ ತಾರೀಖಿನಿಂದ ಎಣಿಸುತ್ತೀರಿ, ಅವರ ಲೆಕ್ಕದವರು ತಿಂಗಳ ಕೊನೆಯಿಂದ ಎಣಿಸುತ್ತಾರೆ. ಆಗ 2ನೇ ತಾರೀಖಿನ ಬಿಲ್‌ಗೆ ಹೆಚ್ಚುಕಡಿಮೆ ಎರಡು ತಿಂಗಳು. ಮಾಲಿನ ದೂರು ಎಷ್ಟು ದಿನದೊಳಗೆ ಲಿಖಿತವಾಗಿ ಬರಬೇಕು ಅನ್ನೋದನ್ನೂ ಸೇರಿಸಿ. ಇವರ ವಿಷಯದಲ್ಲಿ ಯಾಕೆ ಅಂತ ಗೊತ್ತಲ್ಲ.

ಹಾರ್ಡ್‌ವೇರ್ ಸಗಟು ವ್ಯಾಪಾರಿ: ನನ್ನ ಕಥೆ ಕೇಳಿ. ಒಬ್ಬರಿಗೆ 50 ಸಾವಿರದ ಲಿಮಿಟ್ ಕೊಟ್ಟಿದ್ದೆ. ಮೂರು ಬಿಲ್‌ಗಳನ್ನು ಗಡುವಿಗೆ ಮುಂಚೆಯೇ ತೀರಿಸಿದರು. ಖುಷಿಯಾಗಿ 4 ಲಕ್ಷ ಮಾಡಿದೆ. ಒಂದೇ ವಾರದಲ್ಲಿ ಪೂರ್ತಿ ಲಿಮಿಟ್ ಮಾಲು ಎತ್ತಿದರು. ಆಮೇಲೆ ಅಂಗಡಿಗೆ ಬೀಗ. ಅವರು ತೆಗೆದುಕೊಂಡ ಮಾಲು ಅವರು ಸಾಮಾನ್ಯವಾಗಿ ಮಾರುವಂಥದ್ದೇ ಅಲ್ಲ, ಅದನ್ನಾದರೂ ನಾನು ಗಮನಿಸಬೇಕಿತ್ತು.

ಕ್ರೆಡಿಟ್ ಕಂಟ್ರೋಲ್‌ನವರು: ಇದು ಹಳೆಯ ಆಟ. ಗಡುವಿಗೆ ಮುಂಚೆಯೇ ದುಡ್ಡು ಕೊಡುವವರನ್ನು ನೋಡಿದರೆ ನನಗೆ ಸ್ವಲ್ಪ ಅನುಮಾನ. ದುಡ್ಡು ಕೈಯಲ್ಲಿದ್ದರೆ ಉದ್ರಿ ಯಾಕೆ ಕೇಳಿದರು? ಲಿಮಿಟ್ ಏರಿಸುವಾಗ ಅರ್ಧದಷ್ಟು ಏರಿಸಿ, ಎಂಟು ಪಟ್ಟು ಅಲ್ಲ. ಅದೂ ಕೊನೇ ಪಕ್ಷ ಆರು ಬಿಲ್‌ಗಳು ತೀರಿದ ಮೇಲೆ.

ಲೆಕ್ಕಪರಿಶೋಧಕಿ: ಅರ್ಧ ಅಡ್ವಾನ್ಸ್ ಬದಲು ಪೂರ್ತಿ ಉದ್ರಿ, ಗಡುವು 15 ದಿನ ಅಂತ ಮಾಡಿದರೆ ಸುಲಭ ಅಲ್ವಾ? ಹಿಂದಿನದು ತೀರಿದರೆ ಮುಂದಿನದು. ಒಂದು ಸಲಕ್ಕೆ ಒಂದೇ ಬಿಲ್, ಅವರ ಲೆಕ್ಕದವರಿಗೂ ಗೊಂದಲ ಇಲ್ಲ.

ಕ್ರೆಡಿಟ್ ಕಂಟ್ರೋಲ್‌ನವರು: ಬಾಕಿ ಅಲ್ಲೂ ಒಂದೂವರೆ ಲಕ್ಷವೇ, ಒಪ್ಪುತ್ತೇನೆ. ಆದರೆ ಅವರಿಗೆ ಅವರ ಗಿರಾಕಿಗಳಿಂದ ದುಡ್ಡು ಬರುವುದೇ 40 ದಿನಕ್ಕೆ ಅಂತಿಟ್ಟುಕೊಳ್ಳಿ. 15 ದಿನದ ಗಡುವು ಮೊದಲ ಬಿಲ್‌ನಲ್ಲೇ ತಪ್ಪುತ್ತದೆ. ತಪ್ಪೋದು ಗೊತ್ತಿದ್ದೂ ಹಾಕಿದ ಗಡುವಿಗೆ ಯಾರೂ ಬೆಲೆ ಕೊಡುವುದಿಲ್ಲ, ನಮ್ಮವರೂ ಕೊಡುವುದಿಲ್ಲ.

ಲೆಕ್ಕಪರಿಶೋಧಕಿ: ಅಷ್ಟು ಬಿಗಿ ಇದ್ದವರು ನಾಲ್ಕು ತಿಂಗಳು ಪೂರ್ತಿ ಅಡ್ವಾನ್ಸ್ ಹೇಗೆ ಕೊಟ್ಟರು ಸರ್? ಅದಕ್ಕೆ ಉತ್ತರ ಸಿಗೋವರೆಗೆ ನಾನು 15 ದಿನವೇ ಅನ್ನುತ್ತೇನೆ.

ಕ್ರೆಡಿಟ್ ಕಂಟ್ರೋಲ್‌ನವರು: ಒಳ್ಳೆಯ ಪ್ರಶ್ನೆ. ಬೇರೆಯವರ ದುಡ್ಡು ತಡೆದು ನಿಮಗೆ ಕೊಟ್ಟಿರಬಹುದು. ಆ ಮೂರನೇ ರೆಫರೆನ್ಸ್ ಹಿಡಿಯಿರಿ, ಅಲ್ಲಿ ಏನಾದರೂ ಸಿಗಬಹುದು.

ಪ್ರಶ್ನೆ ಕೇಳಿದವರು: ಒದ್ದೆ ಡಬ್ಬದ ಇಮೇಲ್ ಕೇಳಿದ್ದೇನೆ, ‘ಹುಡುಕಿ ಕಳಿಸ್ತೀನಿ’ ಅಂದಿದ್ದಾರೆ. ಮೂರನೆಯವರ ಆಫೀಸಿನ ನಂಬರ್ ಬೇರೆ ಕಡೆಯಿಂದ ಸಿಕ್ಕಿದೆ, ಸೋಮವಾರ ಮಾಡುತ್ತೇನೆ. ಈ ಸಲದ ಲೋಡನ್ನು ಅಡ್ವಾನ್ಸ್ ಮೇಲೆಯೇ ಕಳಿಸುತ್ತಿದ್ದೇನೆ. ಸ್ವಲ್ಪ ಮುನಿಸಿಕೊಂಡರು, ಆದರೆ ದುಡ್ಡು ಹಾಕಿದ್ದಾರೆ.