ಟಿವಿ ಅಂಗಡಿಗೆ ಮೇಲ್ ಹಾಕುವಾಗ ಏನೇನು ಕೇಳಬೇಕು?

ಗೋಕಾಕದಿಂದ: ಬೆಳಗಾವಿಯ ಅಂಗಡಿಯಿಂದ 55 ಇಂಚಿನ ಟಿವಿ ತಗೋಬೇಕು ಅಂತಿದೀನಿ. ಮೊದಲೇ ಮೇಲ್ ಹಾಕಿ ವಾರಂಟಿ, ಇನ್‌ಸ್ಟಾಲೇಷನ್, ಎಕ್ಸ್‌ಚೇಂಜ್ ಕೇಳಬೇಕು. ಅನುಭವ ಇದ್ದವರು ಹೇಳಿ.

ಇಳಕಲ್: ಬಾಕ್ಸ್ ಯಾರು ಬಿಚ್ಚುತ್ತಾರೆ ಅಂತ ಮೊದಲು ಕೇಳಿ! ನಮ್ಮನೆಗೆ ಟಿವಿ ತಂದ ಹುಡುಗರು "ಸ್ವಲ್ಪ ನೋಡೋಣ" ಅಂತ ಅವರೇ ಬಿಚ್ಚಿ ಗೋಡೆಗೆ ಒರಗಿಸಿ ಹೋದರು. ಕಂಪನಿ ಟೆಕ್ನಿಷಿಯನ್ ಬಂದು ಆನ್ ಮಾಡಿದಾಗ ಬಲಗಡೆ ಕೆಳ ಮೂಲೆಯಿಂದ ಜೇಡರ ಬಲೆಯಂಥ ಗೆರೆ. ಮೇಲಿನ ಗಾಜಿಗೆ ಗೀರೂ ಇಲ್ಲ, ಒಳಗೆ ಒಡೆದಿದೆ. ಅವನು ಫೋಟೋ ತೆಗೆದು "ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಲ್ಲ" ಅಂತ ಬರೆದ. ಅಂಗಡಿಯವರು ಕಂಪನಿಗೆ ಕೇಳಿ ಅಂದರು, ಕಂಪನಿಯವರು ಅಂಗಡಿಗೆ ಕೇಳಿ ಅಂದರು. ಟಿವಿ 42,000, ಹೊಸ ಪ್ಯಾನೆಲ್‌ಗೆ 31,000 ಹೇಳಿದರು. ಸೆಟ್ ಈಗಲೂ ಅಟ್ಟದ ಮೇಲಿದೆ.

ವಿಜಯಪುರ: ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ? ಅಂಗಡಿಯಲ್ಲೇ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿ, ಮೂರು ವರ್ಷ ಚಿಂತೆ ಇಲ್ಲ. ನಾನು ಮಾಡಿಸಿದ್ದೇನೆ, ನನಗೇನೂ ಆಗಿಲ್ಲ.

ಬೆಳಗಾವಿ, ಸರ್ವಿಸ್ ಲೈನ್‌ನಲ್ಲಿದ್ದವನು: ಏನೂ ಆಗಿಲ್ಲ ಅಂದರೆ ಅದರ ಪರೀಕ್ಷೆಯೇ ಆಗಿಲ್ಲ ಸರ್. ಆ ಪ್ಲಾನ್ ಎಷ್ಟೋ ಸಲ ಟಿವಿ ಕಂಪನಿಯದ್ದಾಗಿರಲ್ಲ, ಬೇರೆಯವರದ್ದು. ಒಡೆದ ಪ್ಯಾನೆಲ್ ಅದರಲ್ಲೂ ಸಾಮಾನ್ಯವಾಗಿ ಬರಲ್ಲ, ಅದಕ್ಕೆ ಡ್ಯಾಮೇಜ್ ಕವರ್ ಬೇರೆ. ಗೋಕಾಕದವರೇ, ಮೇಲ್‌ನಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿ. ಆಮೇಲೆ ಹೀಗೆ ಬರೆಯಿರಿ: "ಟೆಕ್ನಿಷಿಯನ್ ಬಿಚ್ಚಿದಾಗಲೇ ಪ್ಯಾನೆಲ್ ಒಡೆದಿದ್ದರೆ ಸೆಟ್ ಬದಲಾಯಿಸುವವರು ನೀವೋ ಕಂಪನಿಯೋ, ಎಷ್ಟು ದಿನದಲ್ಲಿ? ಪ್ಯಾನೆಲ್‌ಗೆ ವಾರಂಟಿ ಎಷ್ಟು ವರ್ಷ, ಉಳಿದ ಭಾಗಕ್ಕೆ ಎಷ್ಟು? ವಾಲ್ ಮೌಂಟ್ ಬಾಕ್ಸ್‌ನಲ್ಲೇ ಬರುತ್ತಾ? ಗೋಕಾಕಕ್ಕೆ ಟೆಕ್ನಿಷಿಯನ್ ಬರಲು ಬೇರೆ ದುಡ್ಡು ಉಂಟಾ?" ಫೋನಲ್ಲಿ "ಎಲ್ಲಾ ಆಗುತ್ತೆ ಬನ್ನಿ" ಅಂತಾರೆ. ಉತ್ತರ ಮೇಲ್‌ನಲ್ಲೇ ಬರಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ, ಬಾಕ್ಸ್ ಮೇಲಿನದ್ದಕ್ಕೆ ಹೊಂದಿಸಿ ನೋಡಿ.

ಜಮಖಂಡಿ: ಎಕ್ಸ್‌ಚೇಂಜ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ರೀ! ನಮ್ಮ ಹಳೆ 32 ಇಂಚಿನದಕ್ಕೆ ಅಂಗಡಿಯಲ್ಲಿ 4,000 ಅಂದರು. ಒಯ್ಯಲು ಬಂದವನು ರಿಮೋಟ್ ಇಲ್ಲ, ಸ್ಟ್ಯಾಂಡ್ ಇಲ್ಲ, ಸ್ಕ್ರೀನಿನಲ್ಲಿ ಮಬ್ಬು ಇದೆ ಅಂತ 1,500ಕ್ಕೆ ಇಳಿಸಿದ. ಹೊಸ ಟಿವಿ ಆಗಲೇ ಜಗಲಿ ಮೇಲೆ ಕೂತಿತ್ತು, ನಾನೇನು ಮಾಡಲಿ? ಹಳೇದರ ಫೋಟೋ ಮೇಲ್‌ಗೆ ಹಚ್ಚಿ ರೇಟ್ ಬರೆಸಿಕೊಳ್ಳಿ.

ವಿಜಯಪುರ: ಮಬ್ಬು ಇರೋ ಟಿವಿಗೆ 4,000 ಯಾರು ಕೊಡ್ತಾರೆ? ಆನ್‌ಲೈನ್‌ನಲ್ಲಿ ಅದೂ ಸಿಗಲ್ಲ.

ಜಮಖಂಡಿ: ಮಬ್ಬು ಮೂಲೆಯಲ್ಲಿ ಅಂಗೈಯಷ್ಟೂ ಇರಲಿಲ್ಲ. ನಿಮ್ಮ ಪ್ಲಾನಿಗೆ ಎಷ್ಟು ಕೊಟ್ಟಿರಿ, ಅದನ್ನ ಹೇಳಿ ಮೊದಲು.

ಇಳಕಲ್: ಅಣ್ಣಾ ಬೆಳಗಾವಿಯವರೇ, ನಮ್ಮ ಕೇಸ್ ಈಗಲೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಾ? ಬಿಚ್ಚಿದ ಹುಡುಗರ ವಿಡಿಯೋ ಇಲ್ಲ, ಡೆಲಿವರಿ ಚೀಟಿ ಮಾತ್ರ ಇದೆ.

ಬೆಳಗಾವಿ, ಸರ್ವಿಸ್ ಲೈನ್‌ನಲ್ಲಿದ್ದವನು: ಎರಡು ವರ್ಷದೊಳಗೆ ಹಾಕಬೇಕು. 5 ಲಕ್ಷದವರೆಗೆ ಫೀ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಚೀಟಿ ಮೇಲೆ ಬಾಕ್ಸ್ ಸ್ಥಿತಿ ಬಗ್ಗೆ ಏನು ಬರೆದಿದೆ? ನಿಮ್ಮ ಸಹಿ ಎಲ್ಲಿ ಹಾಕಿದ್ದೀರಿ?

ವಿಜಯಪುರ: ಕೊಟ್ಟಿದ್ದು 3,200. ಈಗ ಸಮಾಧಾನ ಆಯ್ತಾ?